ಅನಿಶ್ಚಿತತೆಯ ಲೆಕ್ಕ: ಎಲೆಕ್ಟ್ರಾನಿಗೊಂದು, ಕ್ರಿಕೆಟ್ ಚೆಂಡಿಗೊಂದು

ಒಂದು ಕಣದ ಸ್ಥಾನವನ್ನು ಹೆಚ್ಚು ನಿಖರವಾಗಿ ಗೊತ್ತುಮಾಡಿದಷ್ಟೂ ಅದರ ಸಂವೇಗ ಹೆಚ್ಚು ಅನಿಶ್ಚಿತವಾಗುತ್ತದೆ ಎಂಬ ತತ್ತ್ವವನ್ನು ವರ್ನರ್ ಹೈಸೆನ್‌ಬರ್ಗ್ 1927ರಲ್ಲಿ ಮಂಡಿಸಿದರು. ಲೆಕ್ಕಕ್ಕೆ ಬೇಕಾದ ಸೂತ್ರ ಇಷ್ಟೇ:

Δx × Δp ≥ h/4π

ಇಲ್ಲಿ Δx ಎಂದರೆ ಸ್ಥಾನದ ಅನಿಶ್ಚಿತತೆ, Δp ಎಂದರೆ ಸಂವೇಗದ ಅನಿಶ್ಚಿತತೆ, h ಎಂದರೆ ಪ್ಲಾಂಕ್ ಸ್ಥಿರಾಂಕ. ಅದನ್ನು 4π ಯಿಂದ ಭಾಗಿಸಿದರೆ 5.27 × 10⁻³⁵ ಜೂಲ್-ಸೆಕೆಂಡ್ ಬರುತ್ತದೆ. ಈ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಎಲೆಕ್ಟ್ರಾನ್, ಕ್ರಿಕೆಟ್ ಚೆಂಡು ಎರಡರ ಲೆಕ್ಕಕ್ಕೂ ಸಾಕು.

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡಕ್ಕೂ ಒಂದೇ Δx ಕೊಡಬೇಕು. ಪರಮಾಣುವಿನ ಗಾತ್ರದ ಮಟ್ಟದ 10⁻¹⁰ ಮೀಟರ್ ಇರಲಿ. ಆಗ ಸಂವೇಗದ ಕನಿಷ್ಠ ಅನಿಶ್ಚಿತತೆ ಇಬ್ಬರಿಗೂ ಸಮ:

Δp = 5.27 × 10⁻³⁵ ÷ 10⁻¹⁰ = 5.27 × 10⁻²⁵ kg m/s

ಸೂತ್ರಕ್ಕೆ ಎಲೆಕ್ಟ್ರಾನ್ ಯಾವುದು, ಚೆಂಡು ಯಾವುದು ಎಂದು ಇಲ್ಲಿಯವರೆಗೆ ಗೊತ್ತೇ ಇಲ್ಲ. ವ್ಯತ್ಯಾಸ ಹುಟ್ಟುವುದು ದ್ರವ್ಯರಾಶಿಯಿಂದ ಭಾಗಿಸಿ ವೇಗಕ್ಕೆ ಬರುವಾಗ.

ಎಲೆಕ್ಟ್ರಾನಿನ ದ್ರವ್ಯರಾಶಿ 9.11 × 10⁻³¹ ಕಿಲೋಗ್ರಾಂ. ಭಾಗಿಸಿದರೆ ವೇಗದ ಅನಿಶ್ಚಿತತೆ Δv ಸುಮಾರು 5.8 × 10⁵ m/s, ಅಂದರೆ ಸೆಕೆಂಡಿಗೆ 580 ಕಿಲೋಮೀಟರ್. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ವೇಗ ಸುಮಾರು 2.2 × 10⁶ m/s ಆಗಿರುವುದರಿಂದ, ಈ ಅನಿಶ್ಚಿತತೆ ಆ ವೇಗದ ಕಾಲು ಭಾಗಕ್ಕಿಂತ ಹೆಚ್ಚು. ಹೀಗಿರುವಾಗ ಗೆರೆ ಎಳೆದಂತಹ ಕಕ್ಷೆಯಲ್ಲಿ ಅದು ಸುತ್ತುತ್ತದೆ ಎನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ.

ಚೆಂಡಿನ ತೂಕ 160 ಗ್ರಾಂ, ಅಂದರೆ 0.16 ಕಿಲೋಗ್ರಾಂ. Δv = 3.3 × 10⁻²⁴ m/s. ಈ ಸಂಖ್ಯೆಯನ್ನು ಬರಿದೇ ನೋಡಿದರೆ ಏನೂ ತಿಳಿಯದು. ಕಾಲದಿಂದ ಗುಣಿಸಿ ನೋಡಬೇಕು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಅಂದರೆ 4.4 × 10¹⁷ ಸೆಕೆಂಡ್. ಅಷ್ಟೂ ಕಾಲ ಈ ಅನಿಶ್ಚಿತ ವೇಗದಲ್ಲಿ ಚೆಂಡು ಸರಿದರೂ ಕ್ರಮಿಸುವ ದೂರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂಪೈರಿನ ತೀರ್ಪು ತಪ್ಪಿದರೆ ಹೈಸೆನ್‌ಬರ್ಗರನ್ನು ದೂರುವಂತಿಲ್ಲ.

ಉತ್ತರ ಸರಿಯೇ ಎಂದು ಪರೀಕ್ಷಿಸಲು ಎರಡು Δv ಗಳ ಅನುಪಾತ ತೆಗೆಯಿರಿ. ಅದು ದ್ರವ್ಯರಾಶಿಗಳ ಅನುಪಾತವಾದ 1.76 × 10²⁹ ಕ್ಕೆ ಸಮನಾಗಬೇಕು. ಸಾವಿರ ಪಟ್ಟು ಏರುಪೇರಾಗಿದ್ದರೆ ಚೆಂಡಿನ ತೂಕವನ್ನು ಗ್ರಾಂನಲ್ಲೇ ಹಾಕಿದ್ದೀರಿ ಎಂದರ್ಥ. ಆದರೆ 4π ಬಿಟ್ಟು h ಅನ್ನು ಹಾಗೇ ಬಳಸಿದ್ದರೆ ಎರಡೂ ಉತ್ತರಗಳು 12.6 ಪಟ್ಟು ಹೆಚ್ಚಾಗುತ್ತವೆ, ಅನುಪಾತ ಮಾತ್ರ ಸರಿಯಾಗಿಯೇ ಕಾಣುತ್ತದೆ. ಆ ತಪ್ಪು ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

ಇನ್ನೊಂದು ಎಚ್ಚರ: ಎಲೆಕ್ಟ್ರಾನನ್ನು ಪರಮಾಣು ಬೀಜದಷ್ಟು, ಅಂದರೆ 10⁻¹⁴ ಮೀಟರಿನಷ್ಟು ಇಕ್ಕಟ್ಟಿನಲ್ಲಿ ಹಿಡಿದಿಟ್ಟಂತೆ ಲೆಕ್ಕ ಹಾಕಿದರೆ Δv ಬೆಳಕಿನ ವೇಗದ ಸುಮಾರು 19 ಪಟ್ಟು ಬರುತ್ತದೆ. ತಪ್ಪು ತತ್ತ್ವದ್ದಲ್ಲ. Δp ವರೆಗಿನ ಹೆಜ್ಜೆ ಅಲ್ಲಿಯೂ ಸರಿಯೇ. ಅದನ್ನು ದ್ರವ್ಯರಾಶಿಯಿಂದ ಸುಮ್ಮನೆ ಭಾಗಿಸುವ ಕೊನೆಯ ಹೆಜ್ಜೆ ಅಷ್ಟು ದೊಡ್ಡ ಸಂವೇಗಕ್ಕೆ ಸಲ್ಲುವುದಿಲ್ಲ, ಅಲ್ಲಿ ಸಾಪೇಕ್ಷತಾ ಸಿದ್ಧಾಂತದ ಸೂತ್ರ ಬೇಕು.