ನೀರು ದಾಟಿ ಬಂದ ಗಾಡಿಯ ದೀಪಗಳು

ಬೆಣ್ಣಿಹಳ್ಳ ತುಂಬಿ ರಸ್ತೆ ಮೇಲೆ ಹರಿದ ಮರುದಿನ ನವಲಗುಂದದ ಕಡೆಯ ಗಿರಾಕಿಯೊಬ್ಬರು ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಫೋನ್ ಮಾಡಿದರು. 'ರಾತ್ರಿ ನೀರಾಗ ದಾಟಿ ಮನಿ ಮುಟ್ಟಿಸೀನ್ರಿ, ಗಾಡಿ ನಿಂತಿಲ್ಲ. ಆದ್ರ ಎಬಿಎಸ್ ದೀಪ, ಜಾರೋ ಗಾಡಿ ಚಿತ್ರದ ದೀಪ, ಎಂಜಿನ್ ದೀಪ ಮೂರೂ ಹತ್ಯಾವ್ರಿ.' 'ಇನ್ನೊಮ್ಮೆ ಸೆಲ್ಫ್ ಹೊಡಿಬ್ಯಾಡ್ರಿ, ಎಳಿಸಿಕೊಂಡು ಬರ್ರಿ' ಅಂದೆ.

ಹಾಗೆ ಹೇಳಲು ಕಾರಣವಿದೆ. ಅದು 1.3 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 20 ಮಿ.ಲೀ., ಅಂದರೆ ನಾಲ್ಕು ಚಹಾ ಚಮಚ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಹೀಗಾಗಿ ಸ್ಕ್ಯಾನರ್‌ಗಿಂತ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಕೆಳಗಿನ ಭಾಗದಲ್ಲಿ ಕೆಸರು ನೀರು ನಿಂತಿತ್ತು, ಫಿಲ್ಟರ್ ಕಾಗದದ ಒಂದು ಅಂಚು ಒದ್ದೆ. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿದರೆ ಬಟ್ಟೆ ಒಣಗಿಯೇ ಬಂತು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಎಂಜಿನ್ ಉಳಿದಿತ್ತು. ಪೈಪ್ ಒದ್ದೆಯಿದ್ದಿದ್ದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ತೆಗೆಯಬೇಕಿತ್ತು.

ಆಮೇಲೆ ಸ್ಕ್ಯಾನ್. ಬಂದದ್ದು ಎರಡೇ ಕೋಡ್: P0102, C0035. ಅಳಿಸುವ ಮೊದಲು ಬರೆದಿಟ್ಟುಕೊಂಡೆ. ಸುಮ್ಮನೆ ಅಳಿಸಿ ಕಳಿಸುವವರೂ ಇದ್ದಾರೆ, ಅದರಿಂದ ದೋಷ ಹೋಗುವುದಿಲ್ಲ. ಮೊದಲನೆಯದು ಏರ್ ಫ್ಲೋ ಸೆನ್ಸರಿನದು. ಬ್ಯಾಟರಿಯ ನೆಗೆಟಿವ್ ತೆಗೆದು ಆ ಕಪ್ಲರ್ ಬಿಚ್ಚಿದರೆ ಪಿನ್‌ಗಳ ನಡುವೆ ನೀರಿನ ಹನಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆಲ್ಲಗೆ ಗಾಳಿ ಬಿಟ್ಟು ಒಣಗಿಸಿದೆ. ಹೊಸ ಫಿಲ್ಟರ್ ಹಾಕಿದೆ.

ಎರಡನೆಯದು ಎಡ ಮುಂಗಾಲಿಯ ವೇಗದ ಸೆನ್ಸರ್. ಎಬಿಎಸ್ ದೀಪ, ಜಾರುವ ದೀಪ ಎರಡಕ್ಕೂ ಕಾರಣ ಇದೊಂದೇ, ಏಕೆಂದರೆ ಎರಡು ವ್ಯವಸ್ಥೆಗಳೂ ಅದೇ ಸೆನ್ಸರಿನ ಲೆಕ್ಕ ನಂಬಿ ನಡೆಯುತ್ತವೆ. ದೀಪ ಎರಡು ಹತ್ತಿತೆಂದು ದುಬಾರಿ ಎಬಿಎಸ್ ಯೂನಿಟ್‌ಗೆ ಕೈ ಹಾಕಬಾರದು. ಗಾಲಿಯ ಒಳಗಿನ ಪ್ಲಾಸ್ಟಿಕ್ ಲೈನರ್ ಸರಿಸಿ ಕಪ್ಲರ್ ಬಿಚ್ಚಿದೆ: ರಬ್ಬರ್ ಸೀಲ್ ಹರಿದಿತ್ತು, ಒಂದು ಪಿನ್ ಮೇಲೆ ಹಸಿರು ಪುಡಿ. ಆ ಹಸಿರು ಒಂದು ರಾತ್ರಿಯಲ್ಲಿ ಹುಟ್ಟುವಂಥದ್ದಲ್ಲ; ಸೀಲ್ ಹಿಂದಿನ ಮಳೆಗಳಲ್ಲೇ ಸೋತಿತ್ತು, ಈ ನೀರು ಕೆಲಸ ಮುಗಿಸಿತು. ಬ್ಯಾಟರಿ ಮತ್ತೆ ಜೋಡಿಸಿ, ಕೀ ಆನ್ ಮಾಡಿ, ವೈರಿಂಗ್ ಕಡೆಯ ಕಪ್ಲರ್‌ಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್‌ನ ಹತ್ತಿರ ಬಂತು, ಅಂದರೆ ಯೂನಿಟ್‌ನಿಂದ ಕರೆಂಟ್ ಸರಿಯಾಗಿ ಬರುತ್ತಿದೆ.

ಕಪ್ಲರ್ ಕತ್ತರಿಸಿ ತೆಗೆದಾಗ ತಂತಿಯ ತಾಮ್ರ ಕಪ್ಪಾಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತ ಹೋಗಿ, ಹೊಸ ಕಪ್ಲರ್ ಬೆಸುಗೆ ಹಾಕಿ, ಮೇಲೆ ಅಂಟು ಒಳಗಿರುವ ಹೀಟ್ ಶ್ರಿಂಕ್ ಏರಿಸಿದೆ. ಈ ಭಾಗ ಬಿಟ್ಟು ಬರೀ ಪಿನ್ ಉಜ್ಜಿದರೆ ದೀಪ ಸ್ವಲ್ಪ ದಿನ ಆರಿ ಮತ್ತೆ ಹತ್ತುತ್ತದೆ. ಕೋಡ್ ಅಳಿಸಿ ಓಡಿಸಿದೆ. ಗಾಡಿ ವೇಗ ಹಿಡಿದ ಮೇಲಷ್ಟೇ ಎಬಿಎಸ್ ದೀಪ ಆರಿತು.