ರಾತ್ರಿ ಗ್ಯಾಪ್‌ಗೆ ಸಿಕ್ಕ ಸ್ಟಾಪ್ ಆರ್ಡರ್‌ಗಳು: ನನ್ನ ಅನುಭವ

ಬೆಲೆ ಸ್ಟಾಪ್‌ಗೆ ಇಳಿದಾಗ ಎಚ್ಚರಗೊಂಡು, ಲಿಮಿಟ್‌ಗಿಂತ ಕಮ್ಮಿಗೆ ಮಾರದ ಆರ್ಡರ್ ಸ್ಟಾಪ್-ಲಿಮಿಟ್. ಅದರಲ್ಲಿ ಲಿಮಿಟ್ ಬೆಲೆಯನ್ನು ಸ್ಟಾಪ್‌ಗಿಂತ ಒಂಬತ್ತು ಹತ್ತು ಪರ್ಸೆಂಟ್ ಕೆಳಗೆ ಇಡುತ್ತೇನೆ ಅಂದಾಗ, ನನ್ನ ಜೊತೆ ಟ್ರೇಡ್ ಮಾಡುವವರು ಯಾರೂ ಒಪ್ಪಲಿಲ್ಲ. "ಅಷ್ಟು ಕೆಳಗೆ ಇಡೋದಾದರೆ ನೇರವಾಗಿ ಸ್ಟಾಪ್-ಮಾರ್ಕೆಟ್ಟೇ ಹಾಕು, ಎರಡೂ ಒಂದೇ ತಾನೇ" ಅಂದರು. ಎರಡೂ ಒಂದೇ ಅಲ್ಲ, ಸ್ಟಾಪ್-ಮಾರ್ಕೆಟ್ ಸಿಕ್ಕಿದ ಬೆಲೆಗೆ ಮಾರಿಬಿಡುತ್ತದೆ. ಈಗ ಕೆಲವು ವರ್ಷಗಳಿಂದ ಹೀಗೇ ನಡೆಸುತ್ತಿದ್ದೇನೆ, ಲೆಕ್ಕ ನನ್ನ ಕಡೆಗೇ ಇದೆ.

ಮೊದಲು ಎಲ್ಲರೂ ಮಾಡುವ ರೀತಿಯೇ ನನ್ನದೂ ಇತ್ತು. ಬೆಲೆ 100, ಸ್ಟಾಪ್ 95, ಲಿಮಿಟ್ 94.5. ಹಗಲಿನ ಇಳಿತದಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಒಂದು ಸಂಜೆ ಕಂಪನಿಯ ರಿಸಲ್ಟ್ ಬಂತು, ಮರುದಿನ ಷೇರು 88ಕ್ಕೆ ಓಪನ್ ಆಯಿತು. ಆರ್ಡರ್ ಟ್ರಿಗರ್ ಆಯಿತು, ಅದರಲ್ಲಿ ದೋಷ ಇಲ್ಲ. ಟ್ರಿಗರ್ ಆದಮೇಲೆ ಅದು 94.5ಕ್ಕೆ ಮಾರುವ ಲಿಮಿಟ್ ಆರ್ಡರ್ ಆಗಿ ಕೂತಿತು. 88ರಲ್ಲಿ ನಡೆಯುವ ಷೇರನ್ನು 94.5 ಕೊಟ್ಟು ಯಾರು ಕೊಳ್ಳುತ್ತಾರೆ? ಸ್ಕ್ರೀನ್ ಮೇಲೆ ಆರ್ಡರ್ ಓಪನ್ ಅಂತಲೇ ತೋರಿಸುತ್ತಿತ್ತು, ಕೈಯಲ್ಲಿ ಷೇರು ಹಾಗೇ ಇತ್ತು. ವಾರದ ಕೊನೆಗೆ 81.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಗಮನಿಸುವವರು ಕಮ್ಮಿ. ಸ್ಟಾಪ್ ಆರ್ಡರ್ ಸಾಮಾನ್ಯವಾಗಿ ಮಾಮೂಲಿ ಸೆಷನ್‌ನ ಮೊದಲ ವ್ಯವಹಾರ ಆದಮೇಲೇ ಎಚ್ಚರಗೊಳ್ಳುತ್ತದೆ. ಅಂದರೆ 88ಕ್ಕೆ ಓಪನ್ ಆದರೆ ಆ 88 ನಮಗೆ ಸಿಗುವುದಿಲ್ಲ. ಆ 88 ಬರೀ ಟ್ರಿಗರ್. ನಮ್ಮ ಮಾರಾಟ ಅದರ ಹಿಂದೆ, ಬೇರೆಯವರ ಸ್ಟಾಪ್‌ಗಳ ಜೊತೆ ಸಾಲಿನಲ್ಲಿ ನಿಂತು ಆಗುತ್ತದೆ. ಸ್ಟಾಪ್-ಮಾರ್ಕೆಟ್ ಹಾಕಿದಾಗ ನನಗೆ ಸಿಕ್ಕದ್ದು ಹೆಚ್ಚಾಗಿ ಓಪನ್ ಬೆಲೆಗಿಂತ ಅರ್ಧ ಪರ್ಸೆಂಟ್ ಕಮ್ಮಿ. ವ್ಯವಹಾರ ತೆಳುವಾಗಿರುವ ಷೇರಿನಲ್ಲಿ ಎರಡು ಪರ್ಸೆಂಟ್‌ವರೆಗೂ ಹೋಗಿದೆ.

ಹಾಗಾಗಿ ಲಿಮಿಟ್ ಅನ್ನು ಕೆಳಗಿಳಿಸಿದೆ. ಎಷ್ಟು ಕೆಳಗೆ ಅನ್ನುವುದಕ್ಕೆ ಆ ಷೇರಿನ ಹಳೆಯ ಗ್ಯಾಪ್‌ಗಳೇ ಆಧಾರ. ಹಿಂದಿನ ದಿನದ ಕ್ಲೋಸ್ ಮತ್ತು ಇಂದಿನ ಓಪನ್ ನಡುವಿನ ವ್ಯತ್ಯಾಸವನ್ನು ನಾಲ್ಕೈದು ವರ್ಷಕ್ಕೆ ಒಂದು ಶೀಟ್‌ನಲ್ಲಿ ಹಾಕಿಕೊಂಡೆ. ಈ ಷೇರಿನಲ್ಲಿ ದೊಡ್ಡ ಗ್ಯಾಪ್‌ಗಳು ಬಹುತೇಕ ಐದರಿಂದ ಹನ್ನೆರಡು ಪರ್ಸೆಂಟ್ ಒಳಗೇ ಇದ್ದವು. ಸ್ಟಾಪ್ 95, ಲಿಮಿಟ್ 86 ಅಂತ ನಿಂತೆ. 86ಕ್ಕೇ ಯಾಕೆ, 87 ಯಾಕಲ್ಲ ಅನ್ನುವ ಕೊನೆಯ ಲೆಕ್ಕ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಶೀಟ್ ನೋಡಿದವರಿಗೆ ತಾನಾಗಿ ಹೊಳೆಯುತ್ತದೆ.

ಮುಂದಿನ ಸಲ ಅದೇ ಷೇರು 100ರಿಂದ 88.4ಕ್ಕೆ ಗ್ಯಾಪ್ ಆದಾಗ ಸುಮಾರು 87.9ಕ್ಕೆ ಪೂರ್ತಿ ಫಿಲ್ ಆಯಿತು. ಲಿಮಿಟ್ 86 ಅಂತ ಹಾಕಿದರೆ 86ಕ್ಕೇ ಹೋಗುತ್ತದೆ ಅಂತ ಹಲವರು ಹೆದರುತ್ತಾರೆ. ಹಾಗಲ್ಲ. 86 ಬರೀ ತಳ, ಅದಕ್ಕಿಂತ ಒಳ್ಳೆಯ ಬಿಡ್ ಇದ್ದರೆ ಅದೇ ಸಿಗುತ್ತದೆ.

ಹಾಗಾದರೆ ಮಾರ್ಕೆಟ್ ಆರ್ಡರ್‌ಗಿಂತ ಇದು ಹೇಗೆ ಮೇಲು? 2015ರ ಆಗಸ್ಟ್ 24ರ ಬೆಳಿಗ್ಗೆ ಅಮೆರಿಕದ ಮಾರುಕಟ್ಟೆಯಲ್ಲಿ ಆದದ್ದನ್ನು ನೆನೆಸಿಕೊಳ್ಳಿ. ಡೌ ಸೂಚ್ಯಂಕ ಮೊದಲ ಕೆಲವೇ ನಿಮಿಷಗಳಲ್ಲಿ ಸಾವಿರಕ್ಕೂ ಜಾಸ್ತಿ ಅಂಕ ಬಿತ್ತು. ಕೆಲವು ಇಟಿಎಫ್‌ಗಳು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿದು, ಅದೇ ಬೆಳಿಗ್ಗೆ ಬಹುಪಾಲು ಮೇಲೆದ್ದವು. ಸ್ಟಾಪ್-ಮಾರ್ಕೆಟ್ ಇಟ್ಟವರ ಷೇರು ಆ ತಳದಲ್ಲಿ ಹೋಯಿತು. ತಳ ಗೊತ್ತುಮಾಡಿದ ಲಿಮಿಟ್ ಅಂಥ ಬೆಲೆಗೆ ಮಾರುವುದಿಲ್ಲ. ಇದಾದ ಮೇಲೆ, 2016ರ ಫೆಬ್ರವರಿಯಿಂದ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಸ್ಟಾಪ್ ಆರ್ಡರ್‌ಗಳನ್ನೂ, ರದ್ದು ಮಾಡುವವರೆಗೆ ಉಳಿಯುವ ಜಿಟಿಸಿ ಆರ್ಡರ್‌ಗಳನ್ನೂ ತಾನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅಲ್ಲಿ ಅವು ಈಗ ಬ್ರೋಕರ್‌ನ ಕಂಪ್ಯೂಟರ್‌ನಲ್ಲಿ ಕಾಯುತ್ತಿರುತ್ತವೆ. ಅದಕ್ಕೇ ಟ್ರಿಗರ್ ಆಗುವುದು ಕೊನೆಯ ವ್ಯವಹಾರದ ಬೆಲೆಗೋ ಬಿಡ್‌ಗೋ ಅಂತ ನಿಮ್ಮ ಬ್ರೋಕರ್‌ನ ನಿಯಮ ಓದಿಕೊಳ್ಳಿ. ತೆಳು ಷೇರಿನಲ್ಲಿ ಇದರಿಂದ ತುಂಬಾ ವ್ಯತ್ಯಾಸ ಆಗುತ್ತದೆ.

ಈ ವಿಧಾನಕ್ಕೂ ಬೆಲೆ ತೆರಬೇಕು. ಒಮ್ಮೆ 82ಕ್ಕೇ ಓಪನ್ ಆಯಿತು. ನನ್ನ 86 ಮೇಲೆ ಉಳಿಯಿತು. ಅರ್ಧ ಗಂಟೆ ಕಾದೆ, 83 ದಾಟಲಿಲ್ಲ, ಕೈಯಿಂದಲೇ 82.3ಕ್ಕೆ ಮಾರಿದೆ. ಬೇರೊಂದು ಷೇರಿನಲ್ಲಿ ಹೀಗೇ ಆದಾಗ ಮಧ್ಯಾಹ್ನದೊಳಗೆ ಲಿಮಿಟ್‌ವರೆಗೆ ಬಂದು ಫಿಲ್ ಆಯಿತು. ಅರ್ಧ ಗಂಟೆ ಅನ್ನುವುದು ನಾನು ನನಗೆ ಹಾಕಿಕೊಂಡ ಗಡುವು. ಅದಕ್ಕಿಂತ ಜಾಸ್ತಿ ಕಾದರೆ ಅದು ಸ್ಟಾಪ್ ಅಲ್ಲ, ಹೊಸ ಪೊಸಿಷನ್.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಷೇರನ್ನು ಮೂರು ಪಾಲು ಮಾಡಿ, ಒಂದಕ್ಕೆ ಸ್ಟಾಪ್-ಮಾರ್ಕೆಟ್, ಒಂದಕ್ಕೆ ಅಗಲ ಲಿಮಿಟ್, ಒಂದಕ್ಕೆ ಬೆಲೆ ಏರಿದಂತೆ ಆರು ಪರ್ಸೆಂಟ್ ಕೆಳಗೆ ಹಿಂಬಾಲಿಸುವ ಟ್ರೇಲಿಂಗ್ ಸ್ಟಾಪ್ ಹಾಕಿದೆ. ಗ್ಯಾಪ್ ಡೌನ್‌ಗೆ ಕಾಯುತ್ತಿದ್ದೆ, ಬಂದದ್ದು ಗ್ಯಾಪ್ ಅಪ್. ಅಲ್ಲೇ ಟ್ರೇಲಿಂಗ್‌ನ ಗುಟ್ಟು ತಿಳಿಯಿತು. ಷೇರು 100ರಿಂದ 110ಕ್ಕೆ ಓಪನ್ ಆಗಿ, ಮೊದಲ ನಿಮಿಷಗಳ ಗಡಿಬಿಡಿಯಲ್ಲಿ 112 ಮುಟ್ಟಿತು. ಟ್ರೇಲಿಂಗ್ ತಕ್ಷಣ 105.28ಕ್ಕೆ ಏರಿ ಕೂತಿತು. ಬೆಲೆ 105ಕ್ಕೆ ಒಂದು ಕುಲುಕು ಕುಲುಕಿತು, ಪಾಲು ಹೋಯಿತು. ಅಂದು ಕ್ಲೋಸ್ ಆದದ್ದು 114ರಲ್ಲಿ. ಗ್ಯಾಪ್ ಡೌನ್‌ನಲ್ಲಿ ಟ್ರೇಲಿಂಗ್ ವಿಶೇಷ ಏನೂ ಮಾಡುವುದಿಲ್ಲ. ರಾತ್ರಿ ಅದು ನಿಂತಲ್ಲೇ ನಿಂತಿರುತ್ತದೆ, ಬೆಳಿಗ್ಗೆ ಮಾಮೂಲಿ ಸ್ಟಾಪ್-ಮಾರ್ಕೆಟ್‌ನಂತೆ ಸಿಕ್ಕಿದ ಬೆಲೆಗೆ ಮಾರುತ್ತದೆ.

ಆಮೇಲಿಂದ ಟ್ರೇಲಿಂಗ್ ಅನ್ನು ಯಂತ್ರಕ್ಕೆ ಬಿಟ್ಟಿಲ್ಲ. ಸಂಜೆ ಕ್ಲೋಸ್ ನೋಡಿ ಆರು ಪರ್ಸೆಂಟ್ ಕಳೆದು, ಜಿಟಿಸಿ ಸ್ಟಾಪ್-ಲಿಮಿಟ್ ಅನ್ನು ನಾನೇ ಏರಿಸುತ್ತೇನೆ. 114ಕ್ಕೆ ಕ್ಲೋಸ್ ಆದರೆ ಸ್ಟಾಪ್ 107.16ರ ಆಸುಪಾಸು, ಲಿಮಿಟ್ ಶೀಟ್ ಹೇಳಿದಷ್ಟು ಕೆಳಗೆ. ಐದು ನಿಮಿಷದ ಕೆಲಸ. ಓಪನಿಂಗ್‌ನ ಸುಳ್ಳು ಎತ್ತರಗಳು ಇದರಿಂದ ಲೆಕ್ಕಕ್ಕೇ ಬರುವುದಿಲ್ಲ.

ಜಿಟಿಸಿ ವಿಷಯಕ್ಕೆ ಬಂದರೆ, ಮಾರುವ ಲಿಮಿಟ್‌ಗೆ ಗ್ಯಾಪ್ ಒಳ್ಳೆಯದೇ. 115ಕ್ಕೆ ಇಟ್ಟದ್ದು 121ಕ್ಕೆ ಓಪನ್ ಆದ ದಿನ ನನಗೆ 121 ಸಿಕ್ಕಿತು, ಯಾಕೆಂದರೆ ಸ್ಟಾಪ್‌ನಂತಲ್ಲದೆ ಅದು ಓಪನಿಂಗ್ ಆಕ್ಷನ್‌ನಲ್ಲೇ ಸೇರಿಕೊಳ್ಳುತ್ತದೆ. ಕೊಳ್ಳುವ ಜಿಟಿಸಿ ಬೇರೆ ಕತೆ. 90ಕ್ಕೆ ಕೊಳ್ಳಲು ಇಟ್ಟದ್ದು, ಕೆಟ್ಟ ಸುದ್ದಿಯಿಂದ 80ಕ್ಕೆ ಓಪನ್ ಆದರೆ 80ಕ್ಕೆ ಸಿಗುತ್ತದೆ. ಅಗ್ಗ ಅನಿಸುತ್ತದೆ, ಆದರೆ 90ಕ್ಕೆ ಬೇಕು ಅಂತ ತೀರ್ಮಾನಿಸಿದ್ದು ಆ ಸುದ್ದಿಗಿಂತ ಮೊದಲು. ರಿಸಲ್ಟ್‌ನ ಹಿಂದಿನ ಸಂಜೆ ಕೊಳ್ಳುವ ಜಿಟಿಸಿಗಳನ್ನೆಲ್ಲ ರದ್ದು ಮಾಡುತ್ತೇನೆ.

ಇನ್ನು ಡಿವಿಡೆಂಡ್. ಎಕ್ಸ್-ಡಿವಿಡೆಂಡ್ ದಿನ ಬೆಲೆ ಡಿವಿಡೆಂಡ್‌ನಷ್ಟು ಇಳಿದು ಓಪನ್ ಆಗುವುದು ಸಹಜ, ಅದು ಕೂಡ ಗ್ಯಾಪ್ ತಾನೇ. ಅಮೆರಿಕದಲ್ಲಿ ಜಿಟಿಸಿಯ ಮಾರುವ ಸ್ಟಾಪ್ ಮತ್ತು ಕೊಳ್ಳುವ ಲಿಮಿಟ್ ಅನ್ನು ಅಂದು ಅಷ್ಟೇ ಮೊತ್ತ ತಾನಾಗಿ ಕಮ್ಮಿ ಮಾಡುತ್ತಾರೆ, ಬೇಡ ಅಂದರೆ ಆರ್ಡರ್ ಹಾಕುವಾಗಲೇ `DNR` ಅಂತ ಗುರುತು ಮಾಡಬೇಕು. ಎಲ್ಲ ಕಡೆ ಹೀಗೆ ಮಾಡುವುದಿಲ್ಲ. ಹಾಗಾಗಿ ಡಿವಿಡೆಂಡ್ 2 ಇದ್ದರೆ ಹಿಂದಿನ ಸಂಜೆ ಆರ್ಡರ್ ತೆರೆದು, ಬ್ರೋಕರ್ ಇಳಿಸುವುದಿಲ್ಲ ಅಂದರೆ 95ರ ಸ್ಟಾಪ್ ಅನ್ನು ನಾನೇ 93 ಮಾಡಿ ಇಡುತ್ತೇನೆ.