ಡೇಟಾ ಆಫ್ ಇದ್ದ ಫೋನಿಗೆ ಆರ್‌ಸಿಎಸ್: ಮಲೆನಾಡಲ್ಲಿ ನಾನು ಮಾಡಿಕೊಂಡ ದಾರಿ

ಆರ್‌ಸಿಎಸ್ ಅಂದರೆ ಫೋಟೋ, ಬಟನ್ ಎಲ್ಲ ಹಾಕಿ ಇಂಟರ್ನೆಟ್ ಮೂಲಕ ಕಳಿಸುವ ಮೆಸೇಜ್. ಅದರ ಜೊತೆ ಎಸ್‌ಎಂಎಸ್ ಹೆಣೆದು ಕಳಿಸ್ತೀನಿ ಅಂದಾಗ ಈ ಕೆಲಸದಲ್ಲೇ ಇರುವ ಗೆಳೆಯರು ನಕ್ಕಿದ್ದರು. "ಒಂದು ಇಟ್ಕೊಳಿ, ಎರಡೂ ಯಾಕೆ?" ಅಂತ. ಎರಡು ಮಳೆಗಾಲ ಕಳೆದಿದೆ. ಈಗ ಅವರೇ ಫೋನ್ ಮಾಡಿ ಕೇಳ್ತಾರೆ.

ತೀರ್ಥಹಳ್ಳಿ ಕಡೆಯ ಒಂದು ಕೃಷಿ ಸಂಘಕ್ಕೆ ನಾನು ಮೆಸೇಜ್ ಕಳಿಸುತ್ತೇನೆ. ಸದಸ್ಯರು ಸುಮಾರು 1500. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಅದಕ್ಕೆ ಬೇಕಾದ ಮೈಲುತುತ್ತ ಸಂಘಕ್ಕೆ ಬಂದ ಸುದ್ದಿ ಎರಡು ದಿನ ತಡವಾದರೂ ಬೈಗುಳ ಗ್ಯಾರಂಟಿ.

ಮೊದಲ ವರ್ಷ ಸೇವೆ ಕೊಡುವವರು ಹೇಳಿದ ಹಾಗೇ ಮಾಡಿದೆವು. ಫೋಟೋ, ದರ, "ನನಗೆ ಬೇಕು" ಅನ್ನುವ ಬಟನ್ ಇರುವ ಕಾರ್ಡ್. ನಂಬರಿಗೆ ಆರ್‌ಸಿಎಸ್ ಇಲ್ಲದಿದ್ದರೆ ತಾನಾಗೇ ಎಸ್‌ಎಂಎಸ್ ಹೋಗುತ್ತೆ ಅಂದಿದ್ದರು. ರಿಪೋರ್ಟ್ ನೋಡಿದರೆ ಕಾಲುಭಾಗಕ್ಕಿಂತ ಜಾಸ್ತಿ ಕಾರ್ಡ್ ತಲುಪೇ ಇರಲಿಲ್ಲ. ಅವರಿಗೆ ಎಸ್‌ಎಂಎಸ್ ಕೂಡ ಹೋಗಿರಲಿಲ್ಲ!

ಕಾರಣ ಇಷ್ಟೇ. ಫೋನು ಒಮ್ಮೆ ಆರ್‌ಸಿಎಸ್‌ಗೆ ನೋಂದಣಿ ಆದರೆ ಆಮೇಲೆ ಡೇಟಾ ಆಫ್ ಮಾಡಿದರೂ, ನಂಬರಿಗೆ ಆರ್‌ಸಿಎಸ್ ಇದೆಯಾ ಅಂತ ನೋಡುವ ಪರೀಕ್ಷೆಯಲ್ಲಿ "ಇದೆ" ಅಂತಲೇ ತೋರಿಸುತ್ತೆ. ಮೆಸೇಜ್ ಸರ್ವರ್‌ನಲ್ಲಿ ಕಾಯುತ್ತಾ ಕೂರುತ್ತೆ. ನಮ್ಮ ರೈತರಲ್ಲಿ ಬಹಳ ಜನ ಬ್ಯಾಟರಿ ಉಳಿಯಲಿ ಅಂತ ಡೇಟಾ ಆಫ್ ಮಾಡಿಯೇ ತೋಟಕ್ಕೆ ಹೋಗ್ತಾರೆ.

ಎಸ್‌ಎಂಎಸ್‌ಗೆ ಈ ತೊಂದರೆ ಇಲ್ಲ. ಅದು ಟವರ್ ಮತ್ತು ಫೋನ್ ತಮ್ಮೊಳಗೆ ಮಾತಾಡುವ ಸಿಗ್ನಲ್ ದಾರಿಯಲ್ಲೇ ಬರುತ್ತೆ. ಆ ದಾರಿ ಕಿರಿದು, ಒಂದು ಸಲಕ್ಕೆ 140 ಬೈಟ್ ಮಾತ್ರ. 4ಜಿಯಲ್ಲಿ ವೋಲ್ಟಿ ಮೂಲಕ ಬಂದರೂ ಅದಕ್ಕೆ ಬೇರೆಯೇ ಸಂಪರ್ಕ ಇದೆ. ನೀವು ಡೇಟಾ ಸ್ವಿಚ್ ಒತ್ತಿದರೆ ಇಂಟರ್ನೆಟ್ ನಿಲ್ಲುತ್ತೆ, ಅದು ನಿಲ್ಲಲ್ಲ. ಫೋಟೋ, ಬಟನ್, ಓದಿದ ಗುರುತು, ಇವೆಲ್ಲ ಆ 140 ಬೈಟ್‌ನಲ್ಲಿ ಹಿಡಿಯಲ್ಲ. ಫೋನು ಇಂಟರ್ನೆಟ್ ಮೂಲಕ ಆರ್‌ಸಿಎಸ್ ಸರ್ವರ್ ಜೊತೆ ಮಾತಾಡಲೇಬೇಕು. ಮನೆಯ ವೈಫೈ ಆದರೂ ನಡೆಯುತ್ತೆ, ಒಟ್ಟಿನಲ್ಲಿ ಇಂಟರ್ನೆಟ್ ಬೇಕು.

ಹಾಗಾಗಿ ಸೇವೆ ಕೊಡುವವರ ತಾನಾಗೇ-ಎಸ್‌ಎಂಎಸ್ ಬಿಟ್ಟು ನಾನೇ ಗಡುವು ಹಾಕಿದೆ. ಎಲ್ಲ ಕಾರ್ಡಿಗೂ ಇದು ಇರುತ್ತೆ:

```
"ttl": "14400s"
```

ನಾಲ್ಕು ಗಂಟೆಯೊಳಗೆ ತಲುಪದಿದ್ದರೆ ಕಾರ್ಡ್ ವಾಪಸ್ ಬರುತ್ತೆ. `TTL_EXPIRATION_REVOKED` ಅಂತ ಸುದ್ದಿ ಬಂದ ಕೂಡಲೇ ನನ್ನ ಸ್ಕ್ರಿಪ್ಟ್ ಎಸ್‌ಎಂಎಸ್ ಬಿಡುತ್ತೆ. ಕೆಲವು ಸಲ `TTL_EXPIRATION_REVOKE_FAILED` ಬರುತ್ತೆ, ಅಂದರೆ ಕಾರ್ಡ್ ಹಿಂದಕ್ಕೆ ಸಿಗಲಿಲ್ಲ, ಆಮೇಲೆ ತಲುಪಿದರೂ ತಲುಪಬಹುದು. ಆಗಲೂ ಎಸ್‌ಎಂಎಸ್ ಕಳಿಸಿಬಿಡ್ತೀನಿ. ಎರಡೆರಡು ಬಂದರೆ ಯಾರೂ ಬೈಯಲ್ಲ, ಒಂದೂ ಬರದಿದ್ದರೆ ಬೈತಾರೆ. ಯಾವ ಊರಿಗೆ ಯಾವ ಹೊತ್ತಲ್ಲಿ ಬಿಡಬೇಕು ಅನ್ನೋ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು, ಅಲ್ವಾ?

ದುಡ್ಡು ಸೋರುತ್ತಿದ್ದುದು ಎಸ್‌ಎಂಎಸ್ ಕಡೆ. ಕನ್ನಡದಲ್ಲಿ ಒಂದು ಮೆಸೇಜಿಗೆ 70 ಚಿಹ್ನೆ. ಕಾಗುಣಿತ, ಒತ್ತು, ಹಲಂತ ಎಲ್ಲ ಬೇರೆ ಬೇರೆ ಲೆಕ್ಕ. 'ಕ್ಷ' ಒಂದಕ್ಕೇ ಮೂರು. 71 ಆಯಿತೋ, ಎರಡು ಮೆಸೇಜಿನ ದುಡ್ಡು. ಸಂಘದವರು ಬರೆದುಕೊಟ್ಟಿದ್ದು ಮೂರು ಭಾಗ ಆಗ್ತಿತ್ತು. ಈಗಿನದು ಹೀಗಿದೆ:

ಮೈಲುತುತ್ತ ಬಂದಿದೆ. 15ಕ್ಕೆ ಬನ್ನಿ. ಪಾಸ್‌ಬುಕ್ ತನ್ನಿ. ಕೃಷಿ ಸಂಘ

57 ಆಗುತ್ತೆ. ಊರಿನ ಹೆಸರು ಸೇರಿಸಲೂ ಜಾಗ ಉಳಿಯಿತು. 'ಪಾಸ್‌ಬುಕ್' ಮಧ್ಯೆ ಕಣ್ಣಿಗೆ ಕಾಣದ ಚಿಹ್ನೆ ಒಂದಿದೆ, ಅದಕ್ಕೂ ಲೆಕ್ಕ ಬೀಳುತ್ತೆ. 'ನಾಳೆ' ಅಂತ ಬರೆಯಲ್ಲ. ಸ್ವಿಚ್ ಆಫ್ ಇದ್ದ ಫೋನಿಗೆ ಎಸ್‌ಎಂಎಸ್ ಮರುದಿನ ತಲುಪಿದರೆ ನಾಳೆ ಅಂದರೆ ಯಾವಾಗ? ತಾರೀಕಿನ ಜಾಗವನ್ನು ಟೆಲಿಕಾಂ ಕಂಪನಿಯ ಬಳಿ ಮೊದಲೇ ಒಪ್ಪಿಗೆ ಪಡೆದ ಡಿಎಲ್‌ಟಿ ಟೆಂಪ್ಲೇಟಿನಲ್ಲಿ ಬದಲಾಗುವ ಭಾಗ ಅಂತ ಬಿಟ್ಟಿದ್ದೀನಿ, ಪ್ರತಿ ಸಲ ಹೊಸ ಒಪ್ಪಿಗೆ ಬೇಕಾಗಲ್ಲ.

ನೆನಪಿನ ಲೆಕ್ಕದಲ್ಲಿ ಎಸ್‌ಎಂಎಸ್ ಭಾಗ ಒಂದಕ್ಕೆ 20 ಪೈಸೆಯೊಳಗೆ ಬೀಳುತ್ತೆ, ಕಾರ್ಡಿಗೆ ಅದರ ಹೆಚ್ಚುಕಮ್ಮಿ ಎರಡು ಪಟ್ಟು. ವಾಪಸ್ ಬಂದ ಕಾರ್ಡಿಗೆ ನನ್ನ ಬಿಲ್ಲಿನಲ್ಲಿ ದುಡ್ಡು ಹಿಡಿದಿಲ್ಲ. ಒಂದು ಸುತ್ತಿಗೆ ಒಟ್ಟು 500 ರೂಪಾಯಿ ದಾಟಲ್ಲ. ಮೂರು ಭಾಗದ ಎಸ್‌ಎಂಎಸ್ ಎಲ್ಲರಿಗೂ ಕಳಿಸುತ್ತಿದ್ದಾಗ ಅದಕ್ಕಿಂತ ಬಹಳ ಜಾಸ್ತಿ ಆಗ್ತಿತ್ತು.

ಸುಮ್ನೆ ಇನ್ನೊಂದು ನೋಡಿದೆ. ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದ ಫೋನಿಗೆ ಕಾರ್ಡ್ ಬಿಟ್ಟೆ. ಬರಹ, ಬಟನ್ ಸಲೀಸಾಗಿ ಬಂತು. 500 ಕೆಬಿ ಫೋಟೋ ಮಾತ್ರ ನಿಮಿಷ ದಾಟಿತು. ಲೆಕ್ಕ ಹಾಕಿದರೆ ಸರಿಯೇ, ಆ ವೇಗದಲ್ಲಿ ಸೆಕೆಂಡಿಗೆ 8 ಕೆಬಿಯಷ್ಟೇ ಬರೋದು. ಆದರೆ ಫೋಟೋ ಕಾಣದಿದ್ದರೂ ರಿಪೋರ್ಟಿನಲ್ಲಿ 'ತಲುಪಿದೆ' ಅಂತಲೇ ಬಿತ್ತು. ಅವತ್ತಿಂದ ದರವನ್ನು ಫೋಟೋ ಮೇಲೆ ಬರೆಸಲ್ಲ, ಕಾರ್ಡಿನ ಬರಹದಲ್ಲೇ ಹಾಕ್ತೀನಿ. ಫೋಟೋ 50 ಕೆಬಿ ಒಳಗೆ ಇಳಿಸಿದ್ದೀನಿ.